‘ಬರುತ್ತೇನೆ’ ಎಂಬುದು ತಾರೀಖಲ್ಲ

ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ. ಕನ್ನಡದಲ್ಲಾದರೆ ‘ಬರ್ತೀನ್ರಿ’ ಎನ್ನುತ್ತಾರೆ. ಮರಾಠಿಯಲ್ಲಾದರೆ ಗಂಡಸರು ‘ಯೇತೋ’ ಎಂದೂ ಹೆಂಗಸರು ‘ಯೇತೇ’ ಎಂದೂ ಹೇಳುತ್ತಾರೆ. ಯಾವಾಗ ಬರುತ್ತೀರಿ ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಕನ್ನಡದ ‘ಬರುತ್ತೇನೆ’ ಎಂಬ ಒಂದೇ ರೂಪ ವರ್ತಮಾನಕ್ಕೂ ಭವಿಷ್ಯತ್ತಿಗೂ ಸಲ್ಲುತ್ತದೆ. ಮನೆಯ ಹೊಸ್ತಿಲಲ್ಲಿ ಈ ಅಸ್ಪಷ್ಟತೆ ಸೌಜನ್ಯವಾಗಿದೆ. ಅದೇ ಸೌಜನ್ಯ ನೌಕರಿಯ ಅರ್ಜಿಯನ್ನು ಹೊಕ್ಕಾಗ ಏನಾಗುತ್ತದೆ ಎಂಬುದನ್ನು ನಾನು 2025ರ ಮಾರ್ಚ್ ತಿಂಗಳಲ್ಲಿ ಕಣ್ಣಾರೆ ಕಂಡೆ.

ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿನಿಯೊಬ್ಬಳು ಭೇಟಿಗೆ ಬಂದಿದ್ದಳು. ಪದವಿಯ ನಂತರ ಲೆಕ್ಕಪತ್ರದ ಕೆಲಸ ಕಲಿತು, ಇಲ್ಲಿಯ ಟವೆಲ್ ಕಾರಖಾನೆಯೊಂದರಲ್ಲಿ ಆರು ವರ್ಷ ದುಡಿದವಳು. ಪತಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು. ಅವರು ಆಗಲೇ ಅಲ್ಲಿ ಸೇರಿದ್ದರು. ಮಗನನ್ನು ಕರೆದುಕೊಂಡು ತಾನೂ ಹೋಗುವವಳಿದ್ದಳು. ಪುಣೆಯ ಹಲವು ಕಂಪನಿಗಳ ನೇಮಕಾತಿ ವಿಭಾಗಗಳಿಗೆ ಪತ್ರ ಬರೆದಿದ್ದಳು. ಬಂದದ್ದು ಎರಡೇ ಉತ್ತರ, ಎರಡರಲ್ಲಿಯೂ ಒಂದೇ ಪ್ರಶ್ನೆ.

“ಸರ್, ಯಾವಾಗ ಸೇರ್ತೀರಿ ಅಂತ ಕೇಳ್ಯಾರ್ರಿ. ನಾ ಜೂನ್‌ದಾಗ ಬರಾಕಿ ಅಂತ ಬರದೇನ್ರಿ. ಮತ್ತೇನ್ ಬರೀಬೇಕ್ರಿ?”

“ಜೂನ್‌ಗೆ ಮೂವತ್ತು ದಿನ ಅದಾವವಾ. ಅವರು ಯಾವ ದಿನಕ್ಕ ಕುರ್ಚಿ ಖಾಲಿ ಇಡಬೇಕು?” ಎಂದೆ.

ಪತ್ರವನ್ನು ಓದಿದೆ. ಪತಿಯ ವರ್ಗಾವಣೆಯ ವಿವರಕ್ಕೆ ನಾಲ್ಕು ವಾಕ್ಯಗಳಿದ್ದವು. ‘ಜೂನ್ ತಿಂಗಳಲ್ಲಿ ಪುಣೆಗೆ ಬರಲಿದ್ದೇನೆ’ ಎಂಬುದು ಐದನೆಯದು. ಕೊನೆಯಲ್ಲಿ ‘ತಕ್ಷಣ ಸೇರಲು ಸಿದ್ಧಳಿದ್ದೇನೆ’ ಎಂದಿತ್ತು. ಯಾರೋ ಸ್ನೇಹಿತೆ ಹಾಗೆ ಬರೆದರೆ ಒಳ್ಳೆಯದೆಂದು ಹೇಳಿದ್ದಳಂತೆ. ಒಂದೇ ಪತ್ರದಲ್ಲಿ ಎರಡು ಕಾಲಗಳಿದ್ದವು, ತಾರೀಖು ಮಾತ್ರ ಒಂದೂ ಇರಲಿಲ್ಲ.

ನೇಮಕಾತಿ ಮಾಡುವವರ ಬದಿಯಿಂದ ನೋಡಬೇಕು. ಅವರ ಕೈಯಲ್ಲಿರುವುದು ಖಾಲಿ ಹುದ್ದೆ ಮತ್ತು ಅದನ್ನು ತುಂಬಬೇಕಾದ ಗಡುವು. ಅವರ ಪಟ್ಟಿಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಯ ಹೆಸರಿನ ಮುಂದೆ ‘ನೋಟಿಸ್ ಅವಧಿ’ ಎಂಬ ಅಂಕಣವಿರುತ್ತದೆ. ಅಲ್ಲಿ ತುಂಬಲು ಬರುವಂಥದ್ದು ದಿನಾಂಕ ಅಥವಾ ದಿನಗಳ ಸಂಖ್ಯೆ ಮಾತ್ರ. ‘ಬರಲಿದ್ದೇನೆ’ ಎಂಬುದನ್ನು ಅಲ್ಲಿ ತುಂಬಲಾಗದು. ಮೇಲಾಗಿ ಆಕೆಯ ವಿಳಾಸ ಸೊಲ್ಲಾಪುರದ್ದು. ಎರಡು ನೂರೈವತ್ತು ಕಿಲೋಮೀಟರು ದೂರದ ಊರಿನಿಂದ ಬಂದ, ದಿನಾಂಕವಿಲ್ಲದ ಅರ್ಜಿ ಅವರಿಗೆ ಬರಿಯ ಆಸೆಯಾಗಿ ಕಾಣುತ್ತದೆ, ನಿರ್ಧಾರವಾಗಿ ಅಲ್ಲ.

ಆಕೆ ಬರೆಯಬೇಕಾಗಿದ್ದ ದಿನಾಂಕ ಯಾವುದು? ಊರು ಬಿಡುವ ದಿನವೂ ಅಲ್ಲ, ಪುಣೆ ತಲುಪುವ ದಿನವೂ ಅಲ್ಲ. ಬೆಳಿಗ್ಗೆ ಹೊಸ ಕಚೇರಿಯ ಮೇಜಿನ ಮುಂದೆ ಕುಳಿತು ಕೆಲಸ ಆರಂಭಿಸಬಲ್ಲ ಮೊದಲ ದಿನ ಅದು. ಅದನ್ನು ಊಹಿಸಬಾರದು, ಲೆಕ್ಕ ಹಾಕಬೇಕು. ಹಾಗಾಗಿ ಇಬ್ಬರೂ ಕ್ಯಾಲೆಂಡರ್ ಹಿಡಿದು ಕುಳಿತೆವು.

ಮೊದಲು ಆಕೆಯ ಹಳೆಯ ನೇಮಕಾತಿ ಪತ್ರವನ್ನು ತರಿಸಿದೆ. ನೋಟಿಸ್ ಅವಧಿ ಒಂದು ತಿಂಗಳೆಂದು ಆಕೆ ನಂಬಿದ್ದಳು; ಅದರಲ್ಲಿ 60 ದಿನ ಎಂದಿತ್ತು. ಏಪ್ರಿಲ್ 1ರಂದು ರಾಜೀನಾಮೆ ಕೊಟ್ಟು ಅದೇ ದಿನದಿಂದ ಎಣಿಸಿದರೆ ಅರವತ್ತನೆಯ ದಿನ ಮೇ 30. ‘ಎರಡು ತಿಂಗಳು’ ಎಂದಿದ್ದರೆ ಮೇ 31 ಆಗುತ್ತಿತ್ತು. ಇಷ್ಟು ಸಣ್ಣ ಭೇದವನ್ನೂ ಪತ್ರದಲ್ಲಿಯೇ ನೋಡಿ ತಿಳಿಯಬೇಕು. ಪುಣೆಯ ಬಾಡಿಗೆ ಮನೆ ಜೂನ್ 1ರಿಂದ ಸಿಗುವುದಿತ್ತು. ಮಗನ ಶಾಲೆಯ ಆರಂಭ ಜೂನ್ 16, ಸೋಮವಾರ. ಹೊಸ ಊರಿನ ಹೊಸ ಶಾಲೆಗೆ ಮಗುವನ್ನು ಬಿಡುವ ಮೊದಲ ದಿನವೇ ತಾಯಿ ಹೊಸ ಕಚೇರಿಗೂ ಕಾಲಿಡುವುದು ಕಷ್ಟ. ಎರಡು ದಿನ ಬಿಟ್ಟೆವು. ದಿನಾಂಕ ಸಿಕ್ಕಿತು: ಜೂನ್ 18, ಬುಧವಾರ.

ಈ ಎಣಿಕೆಯ ನಡುವೆ ನನಗೆ ಒಂದು ವಿಷಯ ಹೊಳೆಯಿತು. ಆಕೆಯ ದಿನಾಂಕವನ್ನು ಕಾರಖಾನೆಯ ಮಾಲೀಕರು, ಮನೆಯ ಮಾಲೀಕರು, ಶಾಲೆ, ಪತಿಯ ಕಂಪನಿ ಇವರೆಲ್ಲರೂ ನಿರ್ಧರಿಸುತ್ತಿದ್ದರು. ಎಲ್ಲರಿಗೂ ತಮ್ಮ ತಮ್ಮ ತಾರೀಖುಗಳಿದ್ದವು. ಆಕೆಗೆ ಮಾತ್ರ ‘ಜೂನ್‌ನಲ್ಲಿ’ ಎಂಬುದಿತ್ತು. ಅಸ್ಪಷ್ಟತೆ ಆಕೆಯ ಭಾಷೆಯ ದೋಷವಾಗಿರಲಿಲ್ಲ. ಪತಿಯ ಹಿಂದೆ ಹೊರಡುವ ಹೆಂಡತಿಗೆ, ಅಪರೂಪಕ್ಕೆ ಹೆಂಡತಿಯ ಹಿಂದೆ ಹೊರಡುವ ಗಂಡನಿಗೂ, ಮನೆಯಲ್ಲಿ ಯಾರೂ ‘ನಿನ್ನ ತಾರೀಖು ಯಾವುದು?’ ಎಂದು ಕೇಳಿರುವುದಿಲ್ಲ. ಮನೆಯಲ್ಲಿ ಸಿಗದ ತಾರೀಖು ಪತ್ರದಲ್ಲಿ ಎಲ್ಲಿಂದ ಬರಬೇಕು? ಆದ್ದರಿಂದ ಅರ್ಜಿ ಬರೆಯುವ ಮುನ್ನ ಮನೆಯವರೆಲ್ಲ ಕೂಡಿ ಈ ದಿನವನ್ನು ಗೊತ್ತುಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ರಾಜೀನಾಮೆ ಸ್ವೀಕಾರವಾದ ಬರಹ ಕೈಗೆ ಬರುವವರೆಗೆ ಹೊಸ ಪತ್ರಗಳನ್ನು ಕಳಿಸಬೇಡವೆಂದೆ. ಬಿಡುಗಡೆಯ ದಿನವನ್ನು ಮಾಲೀಕರು ಬರೆದುಕೊಡದೆ ನಾವು ಬರೆಯುವ ದಿನಾಂಕಕ್ಕೆ ಆಧಾರವಿಲ್ಲ. ಸೇರುವ ದಿನ ಅನೇಕ ಕಂಪನಿಗಳು ಹಳೆಯ ಕಚೇರಿಯ ರಿಲೀವಿಂಗ್ ಪತ್ರವನ್ನು ಕೇಳುತ್ತವೆ. ಏಪ್ರಿಲ್ ಮಧ್ಯದಲ್ಲಿ ಆಕೆ ಕಳಿಸಿದ ಇಂಗ್ಲಿಷ್ ಪತ್ರದ ಸಾರ ಕನ್ನಡದಲ್ಲಿ ಹೀಗಿತ್ತು:

‘ನಾನು ಕುಟುಂಬದೊಂದಿಗೆ ಪುಣೆಗೆ ನೆಲೆ ಬದಲಿಸುತ್ತಿದ್ದೇನೆ, ಜೂನ್ 1ರಿಂದ ನನ್ನ ವಾಸ ಅಲ್ಲಿಯೇ. ಈಗಿನ ಕೆಲಸದಲ್ಲಿ ನನ್ನ ಕೊನೆಯ ದಿನ 2025 ಮೇ 30. ರಾಜೀನಾಮೆ ಸ್ವೀಕೃತವಾಗಿದೆ. 2025 ಜೂನ್ 18, ಬುಧವಾರದಿಂದ ಕೆಲಸಕ್ಕೆ ಸೇರಬಲ್ಲೆ. ಸಂದರ್ಶನಕ್ಕೆ ಫೋನ್ ಅಥವಾ ವಿಡಿಯೊ ಮೂಲಕ ಯಾವ ದಿನವಾದರೂ ಸಂಜೆ ಆರರ ನಂತರ ಸಿಗುತ್ತೇನೆ. ಮುಖತಃ ಬರಬೇಕಾದರೆ ಮೂರು ದಿನ ಮುಂಚೆ ತಿಳಿಸಿದರೆ ಶನಿವಾರ ಪುಣೆಗೆ ಬರುತ್ತೇನೆ.’

ಇದರ ನಂತರ ಆರು ವರ್ಷದ ಅನುಭವವನ್ನು ಹೇಳುವ ಒಂದು ಪರಿಚ್ಛೇದವಿತ್ತು. ಇಮೇಲ್‌ನ ವಿಷಯದ ಸಾಲಿನಲ್ಲಿಯೇ ಹುದ್ದೆಯ ಹೆಸರೂ ‘ಜೂನ್ 18ರಿಂದ ಲಭ್ಯ’ ಎಂಬ ಮಾತೂ ಇದ್ದವು. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಿಂದಲೇ ಬರೆಯಿಸಿದ್ದೆ. 06/07 ಎಂದರೆ ನಮಗೆ ಜುಲೈ 6, ಅಮೆರಿಕದ ರೂಢಿಯವರಿಗೆ ಜೂನ್ 7. ಉದ್ಯೋಗದ ಜಾಲತಾಣಗಳಲ್ಲಿ ಆಕೆಯ ಊರು ಸೊಲ್ಲಾಪುರ ಎಂದಷ್ಟೇ ಇತ್ತು. ಪುಣೆಯವರು ಊರಿನ ಹೆಸರು ಹಾಕಿ ಹುಡುಕುವಾಗ ಅಂಥ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ಬಯಸುವ ಊರಿನ ಜಾಗದಲ್ಲಿ ಪುಣೆಯನ್ನು ಸೇರಿಸಿ, ಅಲ್ಲಿಯೂ ಅದೇ ದಿನಾಂಕವನ್ನು ಹಾಕಿದಳು. ಪತ್ರದಲ್ಲಿ ಒಂದು, ಪರಿಚಯಪತ್ರದಲ್ಲಿ ಇನ್ನೊಂದು ದಿನಾಂಕವಿದ್ದರೆ ಓದುವವರು ಎರಡನ್ನೂ ನಂಬುವುದಿಲ್ಲ.

ಗಮನಿಸಿ, ಈ ಪತ್ರದಲ್ಲಿ ಲಭ್ಯತೆ ಎರಡು ಬಗೆಯದು. ಸೇರುವ ಲಭ್ಯತೆ ಜೂನ್ 18ರಿಂದ, ಮಾತುಕತೆಯ ಲಭ್ಯತೆ ಅಂದಿನಿಂದಲೇ. ಇವೆರಡನ್ನೂ ಬೇರೆ ಬೇರೆ ಹೇಳದಿದ್ದರೆ, ‘ಜೂನ್‌ವರೆಗೆ ಈಕೆಯೊಡನೆ ಮಾತಾಡಿ ಫಲವಿಲ್ಲ’ ಎಂದು ಪತ್ರವನ್ನು ಬದಿಗಿಡುತ್ತಾರೆ.

ಪತಿಯ ನೌಕರಿಯ ವಿಷಯವನ್ನು ಬರೆಯಬೇಕೇ ಬೇಡವೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಬರೆದರೆ, ಗಂಡನಿಗೆ ಮತ್ತೆ ವರ್ಗವಾದಾಗ ಈಕೆಯೂ ಬಿಟ್ಟುಹೋಗುತ್ತಾಳೆಂದು ಎಣಿಸುವವರಿದ್ದಾರೆ. ಆ ಭಯ ನಿರಾಧಾರವೆಂದು ನಾನು ಹೇಳಲಾರೆ. ಆದರೆ ಏನನ್ನೂ ಹೇಳದಿದ್ದರೆ, ಆರು ವರ್ಷದ ಕೆಲಸವನ್ನು ಬಿಟ್ಟು ಈಕೆ ಏಕೆ ಬರುತ್ತಿದ್ದಾಳೆ ಎಂಬ ಪ್ರಶ್ನೆ ಉಳಿಯುತ್ತದೆ. ‘ಕುಟುಂಬದೊಂದಿಗೆ ನೆಲೆ ಬದಲಿಸುತ್ತಿದ್ದೇನೆ’ ಎಂಬ ಒಂದೇ ವಾಕ್ಯ ಸಾಕು. ಅದು ಸತ್ಯ, ಮತ್ತು ಹಳೆಯ ಕಚೇರಿಯಲ್ಲಿ ಜಗಳವಿಲ್ಲವೆಂದೂ ಅದರಿಂದಲೇ ತಿಳಿಯುತ್ತದೆ. ಪತಿಯ ಕಂಪನಿ, ಹುದ್ದೆ, ಪಗಾರದ ವಿವರಗಳಿಗೆ ಆಕೆಯ ಅರ್ಜಿಯಲ್ಲಿ ಸ್ಥಾನವಿಲ್ಲ.

ಮುಂದೆ ಆದದ್ದನ್ನು ಹೇಳುತ್ತೇನೆ. ಒಂದು ಕಂಪನಿ, ತಮಗೆ ಮೇ ಮೊದಲ ವಾರಕ್ಕೇ ಜನ ಬೇಕೆಂದು ಎರಡೇ ದಿನದಲ್ಲಿ ನಿರಾಕರಿಸಿತು. ಆಕೆ ನೊಂದಳು, ನನಗೆ ಅದು ಪತ್ರದ ಗೆಲುವಾಗಿಯೇ ಕಂಡಿತು. ಸ್ಪಷ್ಟ ದಿನಾಂಕವು ಆಗದ ಕೆಲಸವನ್ನು ಬೇಗ ‘ಆಗದು’ ಎನ್ನಿಸುತ್ತದೆ, ಇಲ್ಲದಿದ್ದರೆ ಮೂರು ಸುತ್ತು ಸಂದರ್ಶನ ಮುಗಿದ ಮೇಲೆ ಅದೇ ಉತ್ತರ ಬರುತ್ತಿತ್ತು. ಇನ್ನೊಂದು ಕಚೇರಿಯಲ್ಲಿ ಹಿರಿಯ ಲೆಕ್ಕಿಗರು ಜೂನ್ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಜೊತೆ ಹತ್ತು ದಿನ ಕುಳಿತು ಕೆಲಸ ಒಪ್ಪಿಸಿಕೊಳ್ಳಲು ಜೂನ್ 18 ಅವರಿಗೆ ಹೇಳಿಮಾಡಿಸಿದಂತಿತ್ತು.

ನಡುವೆ ಒಂದು ತೊಡಕು ಬಂತು. ಹಣಕಾಸು ವರ್ಷದ ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರಪಟ್ಟಿಗೆ ಮೇ 31 ಕೊನೆಯ ದಿನ. ಅದರ ಗಡಿಬಿಡಿಯಲ್ಲಿ ಉಳಿದ ಕಾಗದಪತ್ರಗಳನ್ನು ಒಪ್ಪಿಸಲು ಇನ್ನೊಂದು ವಾರ ಇರಬೇಕೆಂದು ಹಳೆಯ ಮಾಲೀಕರು ಕೇಳಿದರು. ಜೂನ್ 6ರವರೆಗೆ ಇದ್ದಳು. ಮನೆ ಸಾಮಾನಿನ ಸಾಗಣೆ ಅಷ್ಟು ಹಿಂದಕ್ಕೆ ಹೋಯಿತು, ಜೂನ್ 18 ಕದಲಲಿಲ್ಲ. ಬಿಡುಗಡೆಗೂ ಸೇರ್ಪಡೆಗೂ ನಡುವೆ ಇಟ್ಟುಕೊಂಡಿದ್ದ ಅವಕಾಶದ ಉಪಯೋಗ ಇದೇ. ಬಿಡುಗಡೆಯ ದಿನ ತಾನೊಪ್ಪಿದ್ದಕ್ಕಿಂತ ಒಂದು ವಾರ ಮುಂದೆ ಹೋಯಿತೆಂದು ಹೊಸ ಕಚೇರಿಗೆ ಆಕೆ ಅದೇ ದಿನ ಬರೆದು ತಿಳಿಸಿದಳು. ಸೇರುವ ದಿನವೇ ಬದಲಾಗುವಂತಿದ್ದರೂ ಹೀಗೆಯೇ, ಅವರು ಕೇಳುವ ಮೊದಲೇ, ಹೊಸ ದಿನಾಂಕದೊಂದಿಗೆ ತಿಳಿಸತಕ್ಕದ್ದು.

ಇನ್ನು ನಮ್ಮ ತಪ್ಪಿನ ಮಾತು. ಆಕೆಗೆ ಪತ್ರಲೇಖನ ಕಲಿಸಿದವನು ನಾನೇ. ಸಂಬೋಧನೆ, ಒಕ್ಕಣೆ, ‘ತಮ್ಮ ವಿಧೇಯ’ ಎಲ್ಲವನ್ನೂ ತಿದ್ದಿ ತಿದ್ದಿ ಕಲಿಸಿದ್ದೇನೆ. ಪತ್ರದ ಮೇಲ್ತುದಿಯಲ್ಲಿ ದಿನಾಂಕ ಬರೆಯದಿದ್ದರೆ ನಾವು ಒಂದು ಅಂಕ ಕಳೆಯುತ್ತೇವೆ. ಪತ್ರದ ಒಡಲಲ್ಲಿ ಇರಬೇಕಾದ ದಿನಾಂಕ ಇಲ್ಲದಿದ್ದರೆ ಏನನ್ನೂ ಕಳೆಯುವುದಿಲ್ಲ. ಈ ವರ್ಷದಿಂದ ನನ್ನ ತರಗತಿಯಲ್ಲಿ ಕಳೆಯುತ್ತೇನೆ.