ತಾಸಿಗೆ ಎಷ್ಟು ಅಂತ ಕೇಳಿದರೆ ಸಾಲದು



ಅರಿಶಿನ ಹಚ್ಚುವ ಕಾಲ ಬಂತೆಂದರೆ ನಮ್ಮ ಮಿರಜ, ಸಾಂಗ್ಲಿ ಭಾಗದಲ್ಲಿ ಟ್ರ್ಯಾಕ್ಟರಿಗೆ ಎಲ್ಲಿಲ್ಲದ ಬೇಡಿಕೆ. ಎಲ್ಲರ ಮನೆಯಲ್ಲೂ ಟ್ರ್ಯಾಕ್ಟರ್ ಇಲ್ಲ. ಎರಡು, ಮೂರು ಎಕರೆ ಇರುವವರಿಗೆ ಅದು ಬೇಕಾಗಿಯೂ ಇಲ್ಲ. ಬಾಡಿಗೆಗೆ ತರುವುದೇ ಲೇಸು. ಕರ್ನಾಟಕ ಸರಕಾರ 2014ರಲ್ಲಿ ಕೃಷಿ ಯಂತ್ರಧಾರೆ ಎಂಬ ಬಾಡಿಗೆ ಕೇಂದ್ರಗಳನ್ನು ಶುರು ಮಾಡಿತು. 2016ರಲ್ಲಿ ಮಹೀಂದ್ರಾ ಕಂಪನಿ ಟ್ರಿಂಗೊ ಎಂಬ ಹೆಸರಿನಲ್ಲಿ, ಫೋನ್ ಮಾಡಿ ಟ್ರ್ಯಾಕ್ಟರ್ ತರಿಸಿಕೊಳ್ಳುವ ವ್ಯವಸ್ಥೆಯನ್ನು ಮೊದಲು ಕರ್ನಾಟಕದಲ್ಲಿಯೇ ತಂದಿತು. ನಮ್ಮ ಊರುಗಳಲ್ಲಿ ಟ್ರ್ಯಾಕ್ಟರ್ ಇದ್ದವರು ಚಹಾದಂಗಡಿ, ಗೊಬ್ಬರದಂಗಡಿಗಳ ಮುಂದೆ ಚೀಟಿ ಅಂಟಿಸಿ ಇದೇ ಕೆಲಸ ಮಾಡುತ್ತಿದ್ದಾರೆ. ಆದರೆ ಆ ಚೀಟಿಯಲ್ಲಿ ಒಂದು ಫೋನ್ ನಂಬರು, "ತಾಸಿಗೆ ಇಷ್ಟು" ಎಂಬ ಒಂದು ಮಾತು, ಇಷ್ಟೇ ಇರುತ್ತದೆ. ಜಗಳ ಹುಟ್ಟುವುದು ಅಲ್ಲಿಂದಲೇ ಎಂಬುದು ನನ್ನ ಅನಿಸಿಕೆ.

ಒಂದು ಉದಾಹರಣೆ ನೋಡೋಣ. ಒಬ್ಬ ರೈತರಿಗೆ 30 ಗುಂಟೆ ಹೊಲ. ರೋಟಾವೇಟರ್ ಹೊಡೆಸಲು ಫೋನ್ ಮಾಡಿದರು. "ತಾಸಿಗೆ ಸಾವಿರ" ಎಂದು ಉತ್ತರ ಬಂತು. ಇವರು "ಆಯ್ತು, ಕಳಿಸ್ರಿ" ಎಂದರು. ಸಂಜೆ 2,250 ರೂಪಾಯಿಯ ಲೆಕ್ಕ ಬಂದಾಗ ಅವರಿಗೆ ಗಾಬರಿ. ಎರಡೂಕಾಲು ತಾಸು ಎಂದು ಡ್ರೈವರ್ ಬರೆದುಕೊಂಡಿದ್ದ. ಆತ ಸುಳ್ಳು ಬರೆದಿರಲಿಲ್ಲ. ಹೋಗಿಬರಲು ದಾರಿಯಲ್ಲಿ 40 ನಿಮಿಷ, ಮುರಿದ ಬೋಲ್ಟ್ ಬದಲಿಸಲು 20 ನಿಮಿಷ, ಹೊಲದಲ್ಲಿ ಕೆಲಸ 75 ನಿಮಿಷ. ಒಟ್ಟು 135 ನಿಮಿಷ. ರೈತರ ಲೆಕ್ಕದಲ್ಲಿ ಕೊಡಬೇಕಾದದ್ದು ಆ 75 ನಿಮಿಷದ 1,250 ರೂಪಾಯಿ ಮಾತ್ರ. ಗಡಿಯಾರ ಯಾವಾಗ ಶುರುವಾಗುತ್ತದೆ ಎಂದು ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿರಲಿಲ್ಲ. ತಪ್ಪಾಗಿದ್ದು ಅಷ್ಟೇ.

ಆ 75 ನಿಮಿಷವಾದರೂ ಸರಿಯೇ ಎಂಬುದನ್ನು ನಾವೇ ಲೆಕ್ಕ ಹಾಕಬಹುದು. ಐದು ಅಡಿ ರೋಟಾವೇಟರ್ ಸುಮಾರು ಒಂದೂವರೆ ಮೀಟರ್ ಅಗಲ ಹೊಡೆಯುತ್ತದೆ. ಒಳ್ಳೆಯ ಪುಡಿ ಮಣ್ಣು ಬೇಕಾದರೆ ಟ್ರ್ಯಾಕ್ಟರ್ ತಾಸಿಗೆ ಮೂರು ಕಿಲೋಮೀಟರ್ ವೇಗದಲ್ಲಿ ನಡೆಯಬೇಕು. ಹಾಗೆ ನಡೆದರೆ ತಾಸಿಗೆ 4,500 ಚದರ ಮೀಟರ್ ಆಗುತ್ತದೆ. ಆದರೆ ತಿರುವು, ಒಂದರ ಮೇಲೊಂದು ಸಾಲು ಬೀಳುವುದು, ಮೂಲೆಗಳು ಎಂದು ಕಾಲು ಭಾಗ ಕಳೆಯುತ್ತದೆ. ಸಣ್ಣ, ಸೊಟ್ಟ ಹೊಲದಲ್ಲಿ ಇನ್ನೂ ಹೆಚ್ಚು. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಹಾಗಾಗಿ 30 ಗುಂಟೆ ಒಂದು ಸಲ ಹೊಡೆಯಲು 55 ರಿಂದ 70 ನಿಮಿಷ ಬೇಕು. ಬದು, ಬಾವಿ, ಮರ ಇದ್ದರೆ 75 ಎಂಬುದು ನ್ಯಾಯವೇ. ಎರಡು ಸಲ ಹೊಡೆದರೆ ಲೆಕ್ಕವೂ ಎರಡರಷ್ಟು.

"ಹಂಗಾದರ ಎಕರೆ ಲೆಕ್ಕಕ್ಕೇ ಕೊಡೋಣ, ತಲೆನೋವೇ ಬೇಡ" ಎನ್ನುವವರಿದ್ದಾರೆ. ಅದರಲ್ಲೂ ಒಂದು ಕೊಕ್ಕೆ ಇದೆ. ಎಕರೆ ಲೆಕ್ಕದಲ್ಲಿ ಡ್ರೈವರಿಗೆ ಬೇಗ ಮುಗಿಸುವ ಆಸೆ. ವೇಗ ಹೆಚ್ಚಿಸಿದರೆ ಹೆಂಟೆ ಒಡೆಯುವುದಿಲ್ಲ, ಆಳವೂ ಸಿಗುವುದಿಲ್ಲ. ತಾಸಿನ ಲೆಕ್ಕದಲ್ಲಿ ನಿಧಾನ ಮಾಡುವ ಆಸೆ. ನನ್ನ ಸಲಹೆ ಇದು: ಚೌಕಾಗಿರುವ ದೊಡ್ಡ ಹೊಲಕ್ಕೆ ಎಕರೆ ದರ, ಆದರೆ ಆಳ ಎಷ್ಟು, ಎಷ್ಟು ಸಲ ಎಂದು ಮೊದಲೇ ಹೇಳಿ. ಸಣ್ಣ, ಸೊಟ್ಟ ಹೊಲಕ್ಕೆ ತಾಸಿನ ದರ, ಆದರೆ ಗಡಿಯಾರ ಹೊಲದಲ್ಲಿ ಯಂತ್ರ ಮಣ್ಣಿಗಿಳಿದಾಗ ಶುರು, ಮೇಲೆತ್ತಿದಾಗ ಬಂದ್. ದಾರಿ ಖರ್ಚು ಬೇರೆಯಾಗಿ ಹೇಳಲಿ. ಟ್ರ್ಯಾಕ್ಟರಿನವರಿಗೂ ಡೀಸೆಲ್ ಸುಡುತ್ತದೆ, ಅದನ್ನು ಕೊಡಲೇಬೇಕು. ಅಕ್ಕಪಕ್ಕದ ಮೂವರು ಒಂದೇ ದಿನಕ್ಕೆ ಹೇಳಿದರೆ ಆ ಖರ್ಚು ಮೂರು ಪಾಲಾಗುತ್ತದೆ.

ಬಾಡಿಗೆ ಕೊಡುವವರು ಚೀಟಿಯಲ್ಲಿ ಇಷ್ಟು ಬರೆದರೆ ಸಾಕು, ಮರಾಠಿಯಲ್ಲೂ ಕನ್ನಡದಲ್ಲೂ, ನಾವು ಆಡುವ ಮಾತಿನಲ್ಲೇ:

"ರೋಟಾವೇಟರ್, ಐದು ಅಡಿ. ತಾಸಿಗೆ ಇಷ್ಟು, ಡೀಸೆಲ್, ಡ್ರೈವರ್ ಸೇರಿ. ತಾಸು ಹೊಲದಾಗ ಶುರು. ಬೋಲ್ಟ್ ಮುರಿದರ ಆ ಹೊತ್ತು ನಮ್ಮದು. ದಾರಿ ಖರ್ಚು ಇಷ್ಟು. ಮಳಿ ಬಂದರ ದಿನ ಬದಲ ಮಾಡತೇವಿ, ದಂಡ ಇಲ್ಲ. ಹಿಂದಿನ ದಿನ ಸಂಜಿ ಫೋನ್ ಮಾಡ್ರಿ."

ಇನ್ನು ನಾವು ಫೋನ್ ಮಾಡುವ ಕ್ರಮ.

ಮೊದಲು ಊರು, ಹೊಲದ ಗುರುತು ಹೇಳಿ: "ಕಾಕಾ, ಕೆನಾಲ್ ದಾಟಿ ಎಡಕ್ಕ, ಬೇವಿನ ಗಿಡದ ಹತ್ರ." ಟ್ರ್ಯಾಕ್ಟರ್ ಒಳಗೆ ಹೋಗುವ ದಾರಿ ಎಷ್ಟು ಅಗಲ ಇದೆ ಎಂದೂ ಹೇಳಿ.

ಎರಡನೆಯದು, ಗುಂಟೆ ಎಷ್ಟು, ಹಿಂದಿನ ಬೆಳೆ ಯಾವುದು ಎಂದು ಹೇಳಿ. ಕಬ್ಬಿನ ಕೂಳೆ ಇರುವ ಹೊಲಕ್ಕೆ ಮೊದಲು ಪಲ್ಟಿ ನೇಗಿಲು ಬೇಕು. ಬರೀ ರೋಟಾವೇಟರ್ ಮೇಲಿಂದ ಮೇಲೆ ಕೆರೆಯುತ್ತದೆ, ಅರಿಶಿನದ ಗಡ್ಡೆಗೆ ಬೇಕಾದ ಸಡಿಲ ಆಳ ಸಿಗುವುದಿಲ್ಲ.

ಮೂರನೆಯದು, ದರ, ಗಡಿಯಾರ, ದಾರಿ ಖರ್ಚು ಕೇಳಿ. ನಾಲ್ಕನೆಯದು, ಎಲ್ಲವನ್ನೂ ನೀವೇ ಒಮ್ಮೆ ತಿರುಗಿ ಹೇಳಿ, ಆಮೇಲೆ ಮೊಬೈಲಿನಲ್ಲಿ ಒಂದು ಸಾಲು ಬರೆದು ಕಳಿಸಿ. ಜಗಳದ ಹೊತ್ತಿನಲ್ಲಿ ಆ ಸಾಲೇ ಸಾಕ್ಷಿ.

ಐದನೆಯದು ಎಲ್ಲಕ್ಕಿಂತ ದೊಡ್ಡದು. ಟ್ರ್ಯಾಕ್ಟರ್ ಹೊರಡುವ ಮುಂಚೆ ಹೊಲದ ಹದ ನೋಡಿ ಮತ್ತೊಮ್ಮೆ ಫೋನ್ ಮಾಡಿ. ಒಂದು ಗೇಣು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಅದು ಬತ್ತಿಯ ಹಾಗೆ ಉದ್ದವಾದರೆ ಹಸಿ ಹೆಚ್ಚು, ಟ್ರ್ಯಾಕ್ಟರ್ ಬೇಡ. ಹೊಸೆಯುವಾಗಲೇ ಪುಡಿಯಾಗಿ ಉದುರಿದರೆ ಹದ ಸರಿ. ನಮ್ಮ ಎರೆ ಮಣ್ಣಿನಲ್ಲಿ ಹಸಿಯಲ್ಲೇ ಚಕ್ರ ಓಡಿಸಿದರೆ ಕೆಳಗೆ ಗಟ್ಟಿ ಪದರ ಬೀಳುತ್ತದೆ. ನೀರು ಇಳಿಯದೆ ನಿಲ್ಲುತ್ತದೆ, ಅರಿಶಿನದ ಗಡ್ಡೆ ಕೊಳೆಯುತ್ತದೆ. ಆ ಪದರ ಒಂದೇ ಹಂಗಾಮಿಗೆ ಹೋಗುವುದಿಲ್ಲ. "ಪಾಳಿ ತಪ್ಪತೈತಿ" ಎಂಬ ಅಂಜಿಕೆಯಿಂದ ಎಷ್ಟೋ ಜನ ಹಸಿ ಹೊಲದಲ್ಲೇ ಹೊಡೆಸುತ್ತಾರೆ. ಅದಕ್ಕೇ ಮಳೆಗೆ ದಿನ ಬದಲಿಸುವ ಮಾತು ಚೀಟಿಯಲ್ಲೇ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಪಾಳಿ ತಪ್ಪುವ ಅಂಜಿಕೆ ಹೋದರೆ ರೈತ ಎರಡು ದಿನ ಕಾಯುತ್ತಾನೆ.

ಆರೋಗ್ಯದ ಒಂದು ಮಾತು. ಟ್ರ್ಯಾಕ್ಟರಿನಿಂದ ರೋಟಾವೇಟರಿಗೆ ತಿರುಗುವ ಶಾಫ್ಟಿನ ಮೇಲೆ ಮುಚ್ಚಳ ಇದೆಯೇ ನೋಡಿ. ಸೆರಗು, ಧೋತರದ ಅಂಚು ಅದಕ್ಕೆ ಸಿಕ್ಕರೆ ಬಿಡಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಮುಚ್ಚಳ ಇಲ್ಲದಿದ್ದರೆ ಕೆಲಸ ಶುರು ಮಾಡಲು ಬಿಡಬೇಡಿ. ಮಕ್ಕಳು ಬದುವಿನ ಆಚೆಯೇ ಇರಲಿ.

ಟ್ರ್ಯಾಕ್ಟರ್ ಹೊಲಕ್ಕೆ ಬಂದಾಗ ಡ್ರೈವರಿನ ಎದುರಿಗೇ ಗಡಿಯಾರ ನೋಡಿ ಹೊತ್ತು ಬರೆದಿಡಿ, ಮುಗಿದಾಗಲೂ ಹಾಗೆಯೇ. ಸಂಶಯಪಟ್ಟೆವೆಂದು ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ. ಲೆಕ್ಕ ಚೊಕ್ಕವಾಗಿದ್ದರೆ ಮುಂದಿನ ಹಂಗಾಮಿಗೂ ಅದೇ ಟ್ರ್ಯಾಕ್ಟರ್ ನಮ್ಮ ಹೊಲಕ್ಕೆ ಬರುತ್ತದೆ.