ಫ್ಲೂ ಇಂಜೆಕ್ಷನ್ ಮಾಡಿಸಿಕೊಂಡರೆ ಫ್ಲೂ ಬರುತ್ತದೆಯೇ? ಫಾರ್ವರ್ಡ್‌ ಮಾಡುವ ಮುನ್ನ ಇದನ್ನು ಓದಿ

ಮಳೆಗಾಲ ಹತ್ತಿರವಾದಂತೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಓಡಾಡುತ್ತದೆ: "ಫ್ಲೂ ಇಂಜೆಕ್ಷನ್ ಮಾಡಿಸಬೇಡಿ, ಅದರಲ್ಲಿ ಫ್ಲೂ ವೈರಸ್ಸನ್ನೇ ಹಾಕಿರುತ್ತಾರೆ. ಮಾಡಿಸಿಕೊಂಡವರೆಲ್ಲ ಮರುದಿನವೇ ಜ್ವರ ಬಂದು ಮಲಗಿದ್ದಾರೆ." ಈ ಸಂದೇಶ ನಂಬಿಕೆ ಹುಟ್ಟಿಸಲು ಕಾರಣವಿದೆ. ಇದರಲ್ಲಿ ಅರ್ಧ ನಿಜವಿದೆ. ಇಂಜೆಕ್ಷನ್ ಆದ ಮೇಲೆ ಕೆಲವರಿಗೆ ಮೈ ಬಿಸಿಯಾಗುವುದು ನಿಜ. ಲಸಿಕೆ ತಯಾರಿಸಲು ವೈರಸ್ ಬಳಸುವುದೂ ನಿಜ. ಆದರೆ ಇವೆರಡನ್ನು ಸೇರಿಸಿ ಕಟ್ಟಿದ ತೀರ್ಮಾನ ಮಾತ್ರ ತಪ್ಪು. ಯಾಕೆ ಎಂಬುದನ್ನು ನೋಡೋಣ.

ಸಿರಿಂಜಿನೊಳಗೆ ಏನಿರುತ್ತದೆ?

ಫ್ಲೂ ಲಸಿಕೆಗೆ ಬೇಕಾದ ವೈರಸ್ಸನ್ನು ಬಹುತೇಕ ಕಂಪನಿಗಳು ಕೋಳಿ ಮೊಟ್ಟೆಯೊಳಗೆ ಬೆಳೆಸುತ್ತವೆ. ಹೀಗೆ ಬೆಳೆದ ವೈರಸ್ಸನ್ನು ಹೊರತೆಗೆದು ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕದಿಂದ ಕೊಲ್ಲುತ್ತಾರೆ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಇಂದಿನ ಹೆಚ್ಚಿನ ಲಸಿಕೆಗಳಲ್ಲಿ ವೈರಸ್ಸಿನ ಕವಚವನ್ನು ಸೋಪಿನಂಥ ವಸ್ತುವಿನಿಂದ ಒಡೆದು ಚೂರು ಮಾಡುತ್ತಾರೆ. ಬಳಿಕ ಶುದ್ಧ ಮಾಡಿ, ವೈರಸ್ಸಿನ ಮೈಮೇಲಿನ ಒಂದು ಪ್ರೋಟೀನನ್ನು ಅಳತೆ ಮಾಡಿ ತುಂಬುತ್ತಾರೆ. ಸಾಮಾನ್ಯ ಡೋಸ್ ಅರ್ಧ ಎಂ.ಎಲ್. ಅದರಲ್ಲಿ ಪ್ರತಿ ಬಗೆಯ ವೈರಸ್ಸಿನಿಂದ ತೆಗೆದ ಆ ಪ್ರೋಟೀನು 15 ಮೈಕ್ರೋಗ್ರಾಂ ಮಾತ್ರ, ಅಂದರೆ ಒಂದು ಗ್ರಾಂನ ಲಕ್ಷದ ಒಂದೂವರೆ ಭಾಗ.

ನಮ್ಮ ಮುಧೋಳ, ಜಮಖಂಡಿ ಕಡೆಯ ರೈತರಿಗೆ ಇದನ್ನು ಹೀಗೆ ಹೇಳಬಹುದು. ಜೋಳದ ಕಾಳು ಬಿತ್ತಿದರೆ ಮೊಳಕೆ ಬರುತ್ತದೆ. ಅದೇ ಕಾಳನ್ನು ಹುರಿದು, ಗಿರಣಿಯಲ್ಲಿ ಬೀಸಿ, ಆ ಹಿಟ್ಟನ್ನು ಹೊಲಕ್ಕೆ ಚೆಲ್ಲಿದರೆ ಬೆಳೆ ಬರುತ್ತದೆಯೇ? ಹಿಟ್ಟು ನೋಡಿ "ಇದು ಜೋಳದ್ದು" ಎಂದು ಗುರುತಿಸಬಹುದು, ಆದರೆ ಅದು ಮೊಳೆಯುವುದಿಲ್ಲ. ಲಸಿಕೆಯಲ್ಲಿರುವುದೂ ಹಾಗೆಯೇ. ದೇಹದ ರೋಗನಿರೋಧಕ ವ್ಯವಸ್ಥೆ ಆ ಪ್ರೋಟೀನನ್ನು ಕಂಡು ವೈರಸ್ಸಿನ ಗುರುತು ಹಿಡಿಯಲು ಕಲಿಯುತ್ತದೆ. ಫ್ಲೂ ಕಾಯಿಲೆ ಆಗಬೇಕಾದರೆ ಜೀವಂತ ವೈರಸ್ ನಮ್ಮ ಉಸಿರಾಟದ ದಾರಿಯ ಜೀವಕೋಶಗಳೊಳಗೆ ಹೊಕ್ಕು ಮರಿ ಹಾಕಬೇಕು. ಚೂರಾದ ಪ್ರೋಟೀನಿಗೆ ಆ ಶಕ್ತಿ ಇಲ್ಲ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಬೇರೆ. ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಅದು ತಂಪಾದ ಮೂಗಿನಲ್ಲಷ್ಟೇ ಸ್ವಲ್ಪ ಬೆಳೆಯುತ್ತದೆ, ಬಿಸಿಯಾದ ಶ್ವಾಸಕೋಶದಲ್ಲಿ ಚೆನ್ನಾಗಿ ಬೆಳೆಯಲಾರದು. ಅದರಿಂದ ಮೂಗು ಸೋರಬಹುದು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಮತ್ತು ಗರ್ಭಿಣಿಯರಿಗೆ ಅದನ್ನು ಕೊಡುವುದಿಲ್ಲ. ನಾವು ಇಲ್ಲಿ ಹೇಳುತ್ತಿರುವುದು ತೋಳಿಗೆ ಹಾಕುವ ಇಂಜೆಕ್ಷನ್ ಬಗ್ಗೆ.

ಹಾಗಾದರೆ ಜ್ವರ ಯಾಕೆ ಬಂತು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ತಿಮ್ಮಾಪುರದ ಒಬ್ಬ ಅಜ್ಜಿಗೆ ಶುಗರ್ ಇದೆ ಎಂದಿಟ್ಟುಕೊಳ್ಳಿ. ಮಗ ಸೋಮವಾರ ಅವರನ್ನು ಮುಧೋಳಕ್ಕೆ ಕರೆದುಕೊಂಡು ಹೋಗಿ ಫ್ಲೂ ಇಂಜೆಕ್ಷನ್ ಮಾಡಿಸಿದ. ಆಮೇಲೆ ಮೂರು ಬಗೆಯಲ್ಲಿ ಜ್ವರ ಬರಬಹುದು. ಯಾವ ದಿನ ಬಂತು, ಜೊತೆಗೆ ಏನಿತ್ತು ಎಂಬುದನ್ನು ನೋಡಿದರೆ ಸಾಕು, ಕಾರಣ ಬಹುಪಾಲು ಗೊತ್ತಾಗುತ್ತದೆ.

ಮೊದಲನೆಯದು, ಸೋಮವಾರ ರಾತ್ರಿ ಅಥವಾ ಮಂಗಳವಾರ ತೋಳು ನೋವು, ಸಣ್ಣ ಜ್ವರ, ಮೈಕೈ ನೋವು. ಇದು ಲಸಿಕೆಗೆ ದೇಹ ಕೊಟ್ಟ ಪ್ರತಿಕ್ರಿಯೆ. ರೋಗನಿರೋಧಕ ವ್ಯವಸ್ಥೆ ಕೆಲಸ ಶುರು ಮಾಡಿದಾಗ ಬಿಡುಗಡೆ ಮಾಡುವ ರಾಸಾಯನಿಕಗಳಿಂದ ಹೀಗಾಗುತ್ತದೆ. ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಇದರಲ್ಲಿ ಸಾಮಾನ್ಯವಾಗಿ ಕೆಮ್ಮು, ಗಂಟಲು ಕೆರೆತ, ಮೂಗು ಸೋರುವುದು ಇರುವುದಿಲ್ಲ.

ಎರಡನೆಯದು, ಮಂಗಳವಾರ ಅಥವಾ ಬುಧವಾರ ಗಂಟಲು ನೋವಿನೊಂದಿಗೆ ಜ್ವರ, ಕೆಮ್ಮು. ಫ್ಲೂ ವೈರಸ್ ಮೈ ಹೊಕ್ಕ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಒಂದರಿಂದ ನಾಲ್ಕು ದಿನ ಬೇಕು. ಅಂದರೆ ಅಜ್ಜಿಗೆ ಸೋಂಕು ಇಂಜೆಕ್ಷನ್‌ಗೆ ಮೊದಲೇ ತಗುಲಿರಬಹುದು, ಸಂತೆಯಲ್ಲೋ, ಬಸ್ಸಿನಲ್ಲೋ, ಆಸ್ಪತ್ರೆಯ ಸಾಲಿನಲ್ಲೋ. ಲಸಿಕೆ ರಕ್ಷಣೆ ಕೊಡಲು ಸುಮಾರು ಎರಡು ವಾರ ಹಿಡಿಯುತ್ತದೆ. ಆ ಎರಡು ವಾರ ಅಜ್ಜಿ ಲಸಿಕೆ ಹಾಕಿಸಿಕೊಳ್ಳದವರಂತೆಯೇ.

ಮೂರನೆಯದು, ಯಾವಾಗ ಬೇಕಾದರೂ ಬರುವ ನೆಗಡಿ. ನೆಗಡಿ ತರುವ ವೈರಸ್‌ಗಳು ನೂರಾರಿವೆ. ಫ್ಲೂ ಲಸಿಕೆ ಅವುಗಳನ್ನು ತಡೆಯುವುದಿಲ್ಲ. ನಮ್ಮಲ್ಲಿ ಲಸಿಕೆ ಹಾಕಿಸುವ ಕಾಲ ಮತ್ತು ನೆಗಡಿಯ ಕಾಲ ಎರಡೂ ಅಕ್ಕಪಕ್ಕದಲ್ಲೇ ಬರುವುದರಿಂದ ಎರಡೂ ಒಟ್ಟಿಗೆ ಆಗುವುದು ಸಹಜ. ಆದರೆ ಓಣಿಯ ಜನ ಹೇಳುವುದು ಒಂದೇ: "ಸೂಜಿ ಚುಚ್ಚಿಸಿದ ಮೇಲೆ ಆಯ್ತು ನೋಡ್ರಿ."

ಇದನ್ನು ಪರೀಕ್ಷಿಸಿ ನೋಡಿದ್ದಾರೆ

"ಇದು ನೀವು ಹೇಳುವ ಮಾತು, ಸಾಬೀತು ಎಲ್ಲಿ?" ಎಂದು ಕೇಳಬಹುದು. ಅಮೆರಿಕದ ಮಿನ್ನೆಸೋಟದಲ್ಲಿ 1994ರಲ್ಲಿ 849 ಆರೋಗ್ಯವಂತ ಉದ್ಯೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಫ್ಲೂ ಲಸಿಕೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಇಂಜೆಕ್ಷನ್ ಕೊಟ್ಟರು. ಯಾರಿಗೆ ಯಾವುದು ಎಂದು ಅವರಿಗೆ ಹೇಳಿರಲಿಲ್ಲ.

ಬಳಿಕ ವಿಚಾರಿಸಿದಾಗ, ಜ್ವರ, ಸುಸ್ತು, ತಲೆನೋವು, ಮೈಕೈ ನೋವಿನಂಥ ತೊಂದರೆ ಹೇಳಿದವರು ಲಸಿಕೆಯ ಗುಂಪಿನಲ್ಲಿ 100ಕ್ಕೆ ಸುಮಾರು 34 ಜನ. ಹುಸಿ ಇಂಜೆಕ್ಷನ್ ಗುಂಪಿನಲ್ಲಿ ಸುಮಾರು 35 ಜನ. ಅಂದರೆ ವ್ಯತ್ಯಾಸವೇ ಇಲ್ಲ. ತೋಳು ನೋವಿನಲ್ಲಿ ಮಾತ್ರ ದೊಡ್ಡ ಅಂತರವಿತ್ತು: ಲಸಿಕೆಯವರಲ್ಲಿ 100ಕ್ಕೆ ಸುಮಾರು 64, ಇನ್ನೊಂದು ಗುಂಪಿನಲ್ಲಿ 24. ಯಾವ ಲಸಿಕೆಯೂ ಇಲ್ಲದ ಸೂಜಿ ಚುಚ್ಚಿದರೂ ಮೂವರಲ್ಲಿ ಒಬ್ಬರು "ಮೈ ಸರಿಯಿಲ್ಲ" ಎಂದರು ಎಂಬುದನ್ನು ಗಮನಿಸಿ. ಯಾವುದೇ ವಾರದಲ್ಲಿ ಊರಿನ ಜನರನ್ನು ಕೇಳಿದರೂ ಹೀಗೆ ಹೇಳುವವರು ಇದ್ದೇ ಇರುತ್ತಾರೆ.

"ಹಾಕಿಸಿಕೊಂಡರೂ ಫ್ಲೂ ಬಂತು, ಹಾಗಾದರೆ ದಂಡ"

ಈ ಮಾತಿನ ಮೊದಲರ್ಧ ನಿಜವಿರಬಹುದು. ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸುತ್ತದೆ. ಮುಂದಿನ ಹಂಗಾಮಿಗೆ ಯಾವ ಬಗೆ ಹೆಚ್ಚು ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಅಂದಾಜು ಮಾಡಿ ಹೇಳುತ್ತದೆ, ಕಂಪನಿಗಳು ಅದರಂತೆ ತಯಾರಿಸುತ್ತವೆ. ಅಂದಾಜು ಸರಿಯಾದ ವರ್ಷಗಳಲ್ಲಿ ಫ್ಲೂ ಆಗಿ ಆಸ್ಪತ್ರೆಗೆ ಹೋಗಬೇಕಾಗುವ ಅಪಾಯ 100ಕ್ಕೆ 40ರಿಂದ 60ರಷ್ಟು ತಗ್ಗುತ್ತದೆ. ಪೂರ್ತಿ ಇಲ್ಲವಾಗುವುದಿಲ್ಲ. ಹೋದ ವರ್ಷದ ಇಂಜೆಕ್ಷನ್ ಈ ವರ್ಷಕ್ಕೆ ಸಾಲದು ಎನ್ನುವುದೂ ಇದೇ ಕಾರಣಕ್ಕೆ.

ಈ ತಗ್ಗುವಿಕೆ ಯಾರಿಗೆ ಮುಖ್ಯ? 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂ ನಮ್ಮ ರಾಜ್ಯದಲ್ಲಿ ಸುದ್ದಿಯಾದಾಗ, ಹಾಸನ ಜಿಲ್ಲೆಯಲ್ಲಿ ಸತ್ತವರು 80 ದಾಟಿದ ವೃದ್ಧರೊಬ್ಬರು. ಗಟ್ಟಿಮುಟ್ಟಾದ ಯುವಕನಿಗೆ ಫ್ಲೂ ಎಂದರೆ ಐದು ದಿನದ ಹಾಸಿಗೆ. ವಯಸ್ಸಾದವರು, ಗರ್ಭಿಣಿಯರು, ಪುಟ್ಟ ಮಕ್ಕಳು, ಶುಗರ್, ಅಸ್ತಮಾ, ಹೃದಯದ ತೊಂದರೆ ಇರುವವರಿಗೆ ಅದು ನ್ಯುಮೋನಿಯಾ ಆಗಬಹುದು. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಇಲ್ಲದ ಕಾರಣ ಹೆಚ್ಚಿನವರು ಹಣ ಕೊಟ್ಟೇ ಹಾಕಿಸಬೇಕು. ಹಾಗಾಗಿ ಮನೆಯಲ್ಲಿ ಯಾರಿಗೆ ಮೊದಲು ಎಂದು ಯೋಚಿಸುವಾಗ ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ.

"ಲಸಿಕೆ ಹಾಕಿಸಿ ಮಕ್ಕಳೇ ಸತ್ತಿಲ್ಲವೇ?"

ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ. 2022ರ ಜನವರಿಯಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆ ಪಡೆದ ಮೂರು ಪುಟ್ಟ ಮಕ್ಕಳು ಸತ್ತವು. ಪ್ರಾಥಮಿಕ ತನಿಖೆ ಬೊಟ್ಟು ಮಾಡಿದ್ದು ಲಸಿಕೆಯನ್ನು ಇಟ್ಟ ಮತ್ತು ಬಳಸಿದ ರೀತಿಯ ಲೋಪದತ್ತ. ಆರೋಗ್ಯ ಸಿಬ್ಬಂದಿ ಅಮಾನತಾದರು.

ಇಲ್ಲಿ ಲೋಪ ಹೇಗೆ ಜೀವ ತೆಗೆಯಬಲ್ಲದು ಎಂದು ತಿಳಿಯಬೇಕು. ಆ ಲಸಿಕೆ ಒಣ ಪುಡಿಯಾಗಿ ಬರುತ್ತದೆ. ಹಾಕುವ ಮೊದಲು ದ್ರವ ಬೆರೆಸುತ್ತಾರೆ. ಬೆರೆಸಿದ ಮೇಲೆ ತಂಪಿನಲ್ಲಿಟ್ಟು ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಲೇಬೇಕು. ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುವುದಿಲ್ಲ. ಸೂಜಿ ಚುಚ್ಚಿ ತೆಗೆಯುವಾಗ ಬ್ಯಾಕ್ಟೀರಿಯಾ ಒಳಸೇರಿದರೆ ಅದು ಬೆಳೆದು ವಿಷ ಉಂಟುಮಾಡುತ್ತದೆ. ಆಗ ಮಗುವಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ, ತೀವ್ರ ಜ್ವರ ಶುರುವಾಗಬಹುದು. ಇದು ದಡಾರವಲ್ಲ, ಕೆಟ್ಟ ಬಾಟಲಿಯ ಸೋಂಕು.

ಹಾಗಾಗಿ ತಾಯಂದಿರು ನರ್ಸ್‌ಗೆ "ಅಕ್ಕಾರ, ಈ ಬಾಟಲಿ ಎಷ್ಟೊತ್ತಿಗೆ ತೆರೆದಿದ್ದು?" ಎಂದು ಕೇಳಿದರೆ ತಪ್ಪಿಲ್ಲ. ತೆರೆದ ಹೊತ್ತನ್ನು ಬಾಟಲಿಯ ಮೇಲೆ ಬರೆಯುವುದೇ ನಿಯಮ. ದೊಡ್ಡವರ ಫ್ಲೂ ಲಸಿಕೆ ಬಹುಪಾಲು ಒಬ್ಬರಿಗೊಂದು ತುಂಬಿದ ಸಿರಿಂಜ್ ಆಗಿ ಬರುವುದರಿಂದ ಈ ಅಪಾಯ ಕಡಿಮೆ. ಅದನ್ನೂ 2ರಿಂದ 8 ಡಿಗ್ರಿ ತಂಪಿನಲ್ಲಿ ಇಟ್ಟಿರಬೇಕು, ಹೆಪ್ಪುಗಟ್ಟಿರಬಾರದು.

ಫ್ಲೂ ಲಸಿಕೆಗೂ ಅಪರೂಪದ ಅಪಾಯಗಳಿವೆ. ಕೆಲವರಿಗೆ ನಿಮಿಷಗಳಲ್ಲೇ ತೀವ್ರ ಅಲರ್ಜಿಯಾಗಿ ಮುಖ ಊದಿ, ಉಸಿರು ಕಟ್ಟಬಹುದು. ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ, ಅವಸರ ಮಾಡಿ ಹೊರಡಬೇಡಿ. ನರಗಳನ್ನು ಬಾಧಿಸುವ ಗಿಲಾನ್-ಬಾರೆ ಎಂಬ ಕಾಯಿಲೆ ಹತ್ತು ಲಕ್ಷ ಡೋಸ್‌ಗೆ ಒಂದೆರಡು ಹೆಚ್ಚಾಗಬಹುದು ಎಂದು ಕೆಲವು ಅಧ್ಯಯನಗಳು ಹೇಳಿವೆ. ಅದೇ ಕಾಯಿಲೆ ಫ್ಲೂ ಬಂದ ಮೇಲೂ ಬರುತ್ತದೆ.

ಫಾರ್ವರ್ಡ್ ಬಂದಾಗ ಕೇಳಬೇಕಾದ್ದು

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗಲೂ ವಾಟ್ಸ್ಆ್ಯಪ್‌ನಲ್ಲಿ ಹೆದರಿಕೆಯ ಸಂದೇಶಗಳು ಹರಿದಾಡಿದ್ದವು. ಇಂಥ ಸಂದೇಶ ಕಂಡಾಗ ಮೂರು ಪ್ರಶ್ನೆ ಕೇಳಿ. ಯಾವ ಲಸಿಕೆ, ಇಂಜೆಕ್ಷನ್ನೋ ಮೂಗಿನದೋ? ಎಷ್ಟು ಹೊತ್ತಿಗೆ, ಏನಾಯಿತು? ಲಸಿಕೆ ಹಾಕಿಸಿಕೊಳ್ಳದವರಲ್ಲಿ ಅದೇ ವಾರ ಎಷ್ಟು ಜನರಿಗೆ ಹಾಗಾಯಿತು? ಈ ಮೂರಕ್ಕೂ ಉತ್ತರವಿಲ್ಲದ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.

ಇಂಜೆಕ್ಷನ್ ಆದ ಮೇಲೆ ಜ್ವರ ಮೂರನೇ ದಿನಕ್ಕೂ ಇಳಿಯದಿದ್ದರೆ, ಅಥವಾ ಕೆಮ್ಮಿನೊಂದಿಗೆ ಏದುಸಿರು ಬಂದರೆ, "ಸೂಜಿ ಜ್ವರ, ತಾನೇ ಹೋಗುತ್ತದೆ" ಎಂದು ಕಾಯಬೇಡಿ. ಅದು ಸೂಜಿಯ ಜ್ವರವಲ್ಲದೆ ಬೇರೆ ಕಾಯಿಲೆ ಆಗಿರುವ ಸಾಧ್ಯತೆಯೇ ಹೆಚ್ಚು. ಅವರನ್ನು ವೈದ್ಯರಿಗೆ ತೋರಿಸಿ.