ಎಳೆದರೆ ಸಾಲದು, ಹೇಳಿ ಎಳೆಯಬೇಕು

ನಮ್ಮ ಬೀದಿಯ ಮಹಿಳಾ ಸಂಘದ ಸಾಲದ ಕಾರ್ಡುಗಳನ್ನು ಎಕ್ಸೆಲ್‌ನಲ್ಲಿ ಮಾಡಿಕೊಡುವುದು ನನ್ನ ಕೆಲಸ. ಹನ್ನೆರಡು ಕಂತು, ಪ್ರತಿ ತಿಂಗಳ 5ನೇ ತಾರೀಖು ಗಡುವು. ಮೊನ್ನೆ ಒಬ್ಬ ತಾಯಿ ಕಾರ್ಡು ಹಿಡಿದು ಬಂದರು. "ಅಣ್ಣಾ, ಕೊನೇ ಕಂತು 2037ಕ್ಕಾ? ಹಂಗಾದ್ರೆ ನಿಧಾನಕ್ಕೆ ಕಟ್ತೀನಿ ಬಿಡಿ" ಅಂದರು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ನಿಜ!

ತಪ್ಪು ನನ್ನ ಹಳೇ ಅಭ್ಯಾಸದ್ದು. ಬ್ಯಾಂಕಿನ ಲೆಡ್ಜರಿನಲ್ಲಿ ಬರೆಯುತ್ತಿದ್ದ ಹಾಗೆ ಚುಕ್ಕಿ ಇಟ್ಟು 05.01.2026 ಎಂದು ಹೊಡೆದಿದ್ದೆ. ಆಮೇಲೆ ಆ ಮನೆಯ ಬಲಗಡೆ ಕೆಳಮೂಲೆಯ ಪುಟ್ಟ ಚೌಕವನ್ನು ಹಿಡಿದು ಕೆಳಕ್ಕೆ ಎಳೆದೆ. ಚುಕ್ಕಿ ಇಟ್ಟಿದ್ದನ್ನು ನನ್ನ ಕಂಪ್ಯೂಟರ್ ತಾರೀಖು ಎಂದು ಒಪ್ಪಲಿಲ್ಲ, ಬರೀ ಅಕ್ಷರ ಎಂದುಕೊಂಡಿತು. ಅಕ್ಷರದ ಕೊನೆಯಲ್ಲಿ ಅಂಕಿ ಇದ್ದರೆ ಎಳೆದಾಗ ಆ ಅಂಕಿಯೊಂದೇ ಏರುತ್ತದೆ. ಹಾಗಾಗಿ 05.01.2027, 05.01.2028 ಎಂದು ಸಾಗಿತು. ಇದನ್ನು ಗುರುತಿಸುವುದು ಸುಲಭ: ತಾರೀಖಾದರೆ ಮನೆಯ ಬಲಕ್ಕೆ ಒರಗುತ್ತದೆ, ಅಕ್ಷರವಾದರೆ ಎಡಕ್ಕೆ.

05-Jan-2026 ಎಂದು ಹೊಡೆದಾಗ ಬಲಕ್ಕೆ ಒರಗಿತು. ಎಳೆದರೆ 6, 7, 8 ಎಂದು ದಿನ ದಿನ ಏರಿತು. ತಿಂಗಳು ಏರಬೇಕಾದರೆ ಮೌಸಿನ ಬಲಗುಂಡಿ ಒತ್ತಿ ಹಿಡಿದು ಎಳೆಯಬೇಕು. ಬಿಟ್ಟ ಕೂಡಲೇ ಒಂದು ಪಟ್ಟಿ ತೆರೆಯುತ್ತದೆ, ಅದರಲ್ಲಿ Fill Months ಆರಿಸಬೇಕು. ಹನ್ನೆರಡನೇ ಕಂತು 5ನೇ ಡಿಸೆಂಬರ್‌ಗೆ ಬಂದು ನಿಂತಿತು. ಗಡುವು 31ನೇ ಜನವರಿಯಿಂದ ಶುರುವಾದರೂ ತೊಂದರೆಯಿಲ್ಲ. ಫೆಬ್ರವರಿಗೆ 28, ಮಾರ್ಚಿಗೆ ಮತ್ತೆ 31 ಎಂದು ತಾನೇ ಹೊಂದಿಸಿಕೊಳ್ಳುತ್ತದೆ.

ಇದನ್ನು ನೋಡುತ್ತಿದ್ದ ಮೊಮ್ಮಗಳು ತನ್ನ ವೇಳಾಪಟ್ಟಿಗೆ "ಸೋಮವಾರ" ಎಂದು ಬರೆದು ಎಳೆದಳು. ಕೆಳಗೆಲ್ಲ ಸೋಮವಾರವೇ! "ತಾತಾ, ಇದಕ್ಕೆ ಮಂಗಳವಾರ ಗೊತ್ತಿಲ್ವಾ?" ಎಂದಳು. Monday ಎಂದು ಬರೆದು ಎಳೆದರೆ Tuesday ಬರುತ್ತದೆ, ಏಕೆಂದರೆ ಆ ಪಟ್ಟಿ ಅದರೊಳಗೆ ಮೊದಲೇ ಇದೆ. ನಮ್ಮ ಕಂಪ್ಯೂಟರಿನಲ್ಲಿ ಕನ್ನಡದ ಪಟ್ಟಿ ಇರಲಿಲ್ಲ, ನಾವೇ ಕಲಿಸಿದೆವು. File, Options, Advanced ಒತ್ತಿ, ಕೆಳಗಿಳಿದು Edit Custom Lists ತೆರೆದೆವು. ಸೋಮವಾರದಿಂದ ಶನಿವಾರದವರೆಗೆ ಸಾಲಿಗೊಂದರಂತೆ ಬರೆದು Add ಒತ್ತಿದೆವು. ಭಾನುವಾರ ಸೇರಿಸಲಿಲ್ಲ. ಆದ್ದರಿಂದ ಎಳೆದಾಗ ಶನಿವಾರದ ಮುಂದೆ ನೇರ ಸೋಮವಾರ ಬಂತು. ಬುಧವಾರದಿಂದ ಶುರು ಮಾಡಿದರೂ ಸರಿಯಾಗಿಯೇ ಸುತ್ತುತ್ತದೆ.

ಒಂದು ಮಾತು. ಪಟ್ಟಿ ಉಳಿಯುವುದು ಕಲಿಸಿದ ಕಂಪ್ಯೂಟರಿನಲ್ಲಿ. ಮೊಮ್ಮಗಳು ಶಾಲೆಯ ಕಂಪ್ಯೂಟರಿನಲ್ಲಿ ಎಳೆದಾಗ ಮತ್ತೆ ಬರೀ ಸೋಮವಾರಗಳೇ ಬಂದವಂತೆ. ಅಲ್ಲಿಯೂ ಒಮ್ಮೆ ಕಲಿಸಬೇಕು.

ಕಾರ್ಡು ತಿದ್ದಿ ಕೊಟ್ಟೆ. ಆ ತಾಯಿ ನಕ್ಕು, "ಹತ್ತು ವರ್ಷ ಹೋಯ್ತಲ್ಲಣ್ಣಾ!" ಅಂದರು. ಈಗ ಎಳೆದ ಮೇಲೆ ಕೊನೆಯ ಮನೆಯನ್ನು ಓದದೆ ನಾನು ಪ್ರಿಂಟ್ ಒತ್ತುವುದಿಲ್ಲ.